ಹಳೆಯ ಫೋನನ್ನು ಬೀಳ್ಕೊಡುವ ಕ್ರಮ
(ದತ್ತಿ ಉಪನ್ಯಾಸದ ಲಿಖಿತ ರೂಪ)



ದಿನಬಳಕೆಗೆ ಒದಗುವ ಒಂದು ವಿಜ್ಞಾನದ ವಿಷಯವನ್ನು ಸಾಮಾನ್ಯರಿಗೆ ತಿಳಿಯುವಂತೆ ಹೇಳಬೇಕು ಎಂಬುದು ಈ ದತ್ತಿಯ ಆಶಯ. ನಾನು ಹಳೆಯ ಮೊಬೈಲ್ ಫೋನನ್ನು ಆರಿಸಿಕೊಂಡಿದ್ದೇನೆ. ಅದನ್ನು ಕೊಳ್ಳುವಾಗ ಹತ್ತು ಕಡೆ ವಿಚಾರಿಸುವ ನಾವು ಬಿಡುವಾಗ ಯಾರನ್ನೂ ಕೇಳುವುದಿಲ್ಲ. ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ತಿಳಿವಳಿಕೆಯ ಕೊರತೆಯಿಂದ ಆಗುವುದಿಲ್ಲ, ಕ್ರಮ ತಪ್ಪುವುದರಿಂದ ಆಗುತ್ತವೆ. ಮಾಡಬೇಕಾದ ಕೆಲಸಗಳನ್ನೆಲ್ಲ ಜನ ಮಾಡುತ್ತಾರೆ, ಆದರೆ ಕೊನೆಯಲ್ಲಿ ಮಾಡಬೇಕಾದ್ದನ್ನು ಮೊದಲೇ ಮಾಡಿಬಿಡುತ್ತಾರೆ. ಆ ಕ್ರಮವನ್ನು ಒಂದು ಮನೆಯ ಉದಾಹರಣೆಯಿಂದಲೇ ವಿವರಿಸುತ್ತೇನೆ.

ನಮ್ಮ ಬೀದಿಯಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಯಲ್ಲಿ ಮೂರು ಫೋನುಗಳು ಸೇರಿಕೊಂಡಿದ್ದವು. ಒಂದು, 2020ರಲ್ಲಿ ಕೊಂಡ, ಇನ್ನೂ ನಡೆಯುತ್ತಿರುವ ಆಂಡ್ರಾಯ್ಡ್ ಫೋನು. ಮಗಳು ಹೊಸದು ಕೊಡಿಸಿದ್ದರಿಂದ ಅದನ್ನು ಎಕ್ಸ್‌ಚೇಂಜಿಗೆ ಹಾಕುವ ಯೋಚನೆ. ಇನ್ನೊಂದು, 2014ರ ಸುಮಾರಿನದು. ಕೆಳಗೆ ಬಿದ್ದು ಪರದೆ ಪೂರ್ತಿ ಕಪ್ಪಾಗಿದೆ, ಚಾರ್ಜರ್ ಹಾಕಿದರೆ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಮೂರನೆಯದು ಗುಂಡಿ ಒತ್ತುವ ಫೋನು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳವೇ ಎದ್ದುಬಂದಿದೆ. ನಮ್ಮಲ್ಲಿ ಬಹುತೇಕರ ಮನೆಯ ಡ್ರಾಯರಿನಲ್ಲಿ ಈ ಮೂರರಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಮೊದಲು ನಡೆಯುವ ಫೋನಿನ ಮಾತು. ನಾನು ಹೋದಾಗ ಮೇಷ್ಟ್ರು ಗ್ಯಾಲರಿ ತೆರೆದು ಒಂದೊಂದೇ ಫೋಟೋ ಅಳಿಸುತ್ತ ಕೂತಿದ್ದರು. "ಅಂಗಡಿಯವನ ಕೈಗೆ ಮೊಮ್ಮಗಳ ಫೋಟೋ ಹೋಗಬಾರದಲ್ಲ, ಅದಕ್ಕೇ" ಎಂದರು. ಕೂಡಲೇ ನಿಲ್ಲಿಸಲು ಹೇಳಿದೆ. ಫೋನಿನಲ್ಲಿ ಗೂಗಲ್ ಖಾತೆ ಇರುವವರೆಗೆ, ಫೋಟೋಗಳು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುತ್ತಿರುವವರೆಗೆ, ಹಳೆಯ ಫೋನಿನಲ್ಲಿ ಅಳಿಸಿದ ಫೋಟೋ ಹೊಸ ಫೋನಿನಿಂದಲೂ ಹೋಗಬಹುದು. ಐಫೋನಿನಲ್ಲೂ ಹೀಗೆಯೇ. ಐಕ್ಲೌಡ್‌ಗೆ ಸೈನ್ ಇನ್ ಆಗಿರುವಾಗ ಒಂದೊಂದೇ ಸಂಪರ್ಕ ಸಂಖ್ಯೆಯನ್ನು ಕೈಯಾರೆ ಅಳಿಸಿದರೆ ಆ ಖಾತೆಯ ಎಲ್ಲ ಸಾಧನಗಳಿಂದಲೂ ಅದು ಮಾಯವಾಗುತ್ತದೆ. ಬಿಡಿಬಿಡಿಯಾಗಿ ಅಳಿಸುವುದು ಎರಡೂ ಕಡೆಯಿಂದ ನಷ್ಟದ ಕೆಲಸ: ಬೇಕಾದದ್ದು ಎಲ್ಲ ಕಡೆಯಿಂದ ಹೋಗುತ್ತದೆ, ಹೋಗಬೇಕಾದದ್ದು ಫೋನಿನೊಳಗೆ ಉಳಿದಿರುತ್ತದೆ.

ಆದ್ದರಿಂದ ಮೊದಲ ಕೆಲಸ ಅಳಿಸುವುದಲ್ಲ, ಸಾಗಿಸುವುದು. ಹೊಸ ಫೋನಿನಲ್ಲಿ ಖಾತೆ ತೆರೆದು, ಸಂಪರ್ಕ ಸಂಖ್ಯೆಗಳು ಬಂದವೇ ನೋಡಿದೆವು. ಹತ್ತು ಹಳೆಯ ಫೋಟೋಗಳನ್ನು ಹುಡುಕಿ ತೆರೆದು ನೋಡಿದೆವು. ಪಟ್ಟಿಯಲ್ಲಿ ಕಂಡರೆ ಸಾಲದು, ತೆರೆದು ನೋಡಬೇಕು. ವಾಟ್ಸಾಪ್‌ನಲ್ಲಿ ಚಾಟ್ ಬ್ಯಾಕಪ್ ಮಾಡಿ, ಹೊಸ ಫೋನಿನಲ್ಲಿ ಅದೇ ಸಂಖ್ಯೆಯಿಂದ ತೆರೆದಾಗ ಹಳೆಯದರಲ್ಲಿ ತಾನಾಗಿಯೇ ಲಾಗೌಟ್ ಆಯಿತು. ಇಲ್ಲೊಂದು ಎಚ್ಚರಿಕೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ಅಳಿಸುವ ಆಯ್ಕೆಯೂ ಇದೆ. ಫೋನ್ ಬದಲಿಸುವವರು ಅದನ್ನು ಒತ್ತಲೇಬಾರದು. ಅದು ಫೋನಿನಿಂದ ಮಾತ್ರವಲ್ಲ, ಎಲ್ಲ ಗುಂಪುಗಳಿಂದಲೂ ನಿಮ್ಮನ್ನು ಹೊರಗೆ ಹಾಕುತ್ತದೆ.

ಯುಪಿಐ ಮತ್ತು ಬ್ಯಾಂಕಿನ ಆ್ಯಪ್‌ಗಳು ನಿಮ್ಮ ಸಿಮ್‌ಗೂ ಆ ಸಾಧನಕ್ಕೂ ಗಂಟು ಹಾಕಿಕೊಂಡಿರುತ್ತವೆ. ಅವುಗಳನ್ನು ಹೊಸ ಫೋನಿನಲ್ಲಿ ನೋಂದಾಯಿಸಿ, ಸಣ್ಣ ಮೊತ್ತವೊಂದನ್ನು ಕಳಿಸಿ ನೋಡಿ, ಆಮೇಲೆ ಹಳೆಯದರಲ್ಲಿ ಬ್ಯಾಂಕ್ ಖಾತೆಯನ್ನು ತೆಗೆದುಹಾಕಬೇಕು. ಎರಡು ಹಂತದ ಭದ್ರತೆಗಾಗಿ ಆರು ಅಂಕಿಗಳ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್ ಬಳಸುವವರು ಅದನ್ನು ಮರೆಯುತ್ತಾರೆ. ಕೋಡ್‌ಗಳನ್ನು ಸಾಗಿಸದೆ ಹಳೆಯ ಫೋನ್ ಅಳಿಸಿದರೆ ನಿಮ್ಮದೇ ಖಾತೆಯ ಬಾಗಿಲಲ್ಲಿ ನೀವೇ ಹೊರಗೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಒಂದು ವಾರ ಎರಡೂ ಫೋನುಗಳನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ಏನು ಬಿಟ್ಟುಹೋಗಿದೆ ಎಂಬುದು ಆ ವಾರದೊಳಗೆ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಸಿಮ್ ಮತ್ತು ಮೆಮೊರಿ ಕಾರ್ಡ್. ಮೆಮೊರಿ ಕಾರ್ಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಜವಾದ ಸೋರಿಕೆ ಇರುವುದು ಅಲ್ಲಿ. ಮೇಷ್ಟ್ರ ಕ್ಯಾಮೆರಾ ಫೋಟೋಗಳನ್ನು ಕಾರ್ಡಿಗೇ ಉಳಿಸುತ್ತಿತ್ತು. ಅದರಲ್ಲಿ ಮೊಮ್ಮಗಳ ಜೊತೆಗೆ ಅವರ ಆಧಾರ್ ಕಾರ್ಡು, ಪಾಸ್‌ಬುಕ್‌ನ ಮೊದಲ ಪುಟ, ಪಿಂಚಣಿ ಆದೇಶ, ಸಹಿ ಮಾಡಿದ ಖಾಲಿ ಚೆಕ್ಕಿನ ಚಿತ್ರ ಎಲ್ಲವೂ ಇದ್ದವು. ಫೋನನ್ನು ಎಷ್ಟೇ ಚೆನ್ನಾಗಿ ಅಳಿಸಿದರೂ ಕಾರ್ಡನ್ನು ಹೆಚ್ಚಿನ ಫೋನುಗಳು ಮುಟ್ಟುವುದಿಲ್ಲ, ಸಾಮಾನ್ಯವಾಗಿ ಅದಕ್ಕೆ ಗೂಢಲಿಪಿಯ ರಕ್ಷಣೆಯೂ ಇರುವುದಿಲ್ಲ. ಕಾರ್ಡಿನಿಂದ ಒಂದು ಫೋಟೋ ಅಳಿಸಿದಾಗ ನಡೆಯುವುದು ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದುಹಾಕಿದಂತೆ. ಅಧ್ಯಾಯ ಇದ್ದಲ್ಲೇ ಇರುತ್ತದೆ. ಹಳೆಯ ಫ್ಯಾಟ್ ವ್ಯವಸ್ಥೆಯ ಕಾರ್ಡುಗಳಲ್ಲಿ ಕಡತದ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಅದು ಹಿಡಿದಿದ್ದ ಜಾಗ ಖಾಲಿ ಎಂದು ದಾಖಲಾಗುತ್ತದೆ, ಅಷ್ಟೇ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಇರುವ ಯಾರಾದರೂ ಅದನ್ನು ಮರಳಿ ಎತ್ತಬಹುದು.

ಆದ್ದರಿಂದ ಕಾರ್ಡನ್ನು ಫೋನಿನ ಜೊತೆ ಕೊಡಲೇಬೇಡಿ. ಬೇರೆಯವರಿಗೆ ಕೊಡಲೇಬೇಕಿದ್ದರೆ ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಫಾರ್ಮ್ಯಾಟ್ ಮಾಡುವಾಗ 'Quick Format' ಎಂಬಲ್ಲಿರುವ ಟಿಕ್ ತೆಗೆದುಬಿಡಿ. ಆಗ ಮಾತ್ರ ಅದು ಇಡೀ ಕಾರ್ಡಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಬೇಡವಾದ ಕಾರ್ಡಾದರೆ ಕತ್ತರಿಯಲ್ಲಿ ಅಡ್ಡಕ್ಕೆ ಮೂರು ನಾಲ್ಕು ತುಂಡು ಮಾಡಿ, ಆ ತುಂಡುಗಳನ್ನು ಇ-ತ್ಯಾಜ್ಯದ ಜೊತೆಗೇ ಕೊಡಿ.

ಈಗ ಖಾತೆ ತೆಗೆಯುವ ಕೆಲಸ. ಕ್ರಮ ಹೆಚ್ಚು ತಪ್ಪುವುದು ಇಲ್ಲಿಯೇ. ಕದ್ದ ಫೋನನ್ನು ಅಳಿಸಿ ಮಾರುವುದನ್ನು ತಡೆಯಲು ಆಪಲ್ 2013ರಲ್ಲಿ ಆಕ್ಟಿವೇಶನ್ ಲಾಕ್ ತಂದಿತು. ಗೂಗಲ್ 2015ರಲ್ಲಿ, ಆಂಡ್ರಾಯ್ಡ್ 5.1ರ ಹೊತ್ತಿಗೆ, ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ತಂದಿತು. ಎರಡರ ತಿರುಳೂ ಒಂದೇ: ಖಾತೆಯನ್ನು ತೆಗೆಯದೆ ಅಳಿಸಿದ ಫೋನು ಮತ್ತೆ ಎದ್ದಾಗ ಹಳೆಯ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ಪವರ್ ಮತ್ತು ವಾಲ್ಯೂಮ್ ಗುಂಡಿ ಒಟ್ಟಿಗೆ ಒತ್ತಿ ರಿಕವರಿಯಿಂದ ಅಳಿಸುವವರಿಗೆ ಇದು ಎದುರಾಗುತ್ತದೆ. ಆಗ ಫೋನು ಯಾರಿಗೂ ಉಪಯೋಗವಿಲ್ಲದ ಗಾಜಿನ ತುಂಡಾಗುತ್ತದೆ. ಬಡ ವಿದ್ಯಾರ್ಥಿಗೆ ದಾನ ಕೊಟ್ಟಿದ್ದರೆ ಆ ದಾನವೂ ವ್ಯರ್ಥ. ಇದಕ್ಕಿಂತ ದೊಡ್ಡ ಅಪಾಯ ಆಮೇಲೆ ಬರುತ್ತದೆ. ಕೊಂಡವರು ಫೋನ್ ಮಾಡಿ "ಸಾರ್, ಪಾಸ್‌ವರ್ಡ್ ಒಂದು ಹೇಳಿಬಿಡಿ" ಎನ್ನುತ್ತಾರೆ, ಮುಜುಗರಕ್ಕೆ ಇವರು ಹೇಳಿಯೂಬಿಡುತ್ತಾರೆ. ಅಳಿಸಿದ್ದೆಲ್ಲ ಆ ಒಂದು ಮಾತಿನಿಂದ ಮರಳಿ ಬರುತ್ತದೆ. ಅಂಚೆ, ಫೋಟೋ, ಓಡಾಡಿದ ಜಾಗ ಎಲ್ಲವೂ ಆ ಪಾಸ್‌ವರ್ಡ್‌ನ ಹಿಂದೆಯೇ ಇವೆ. ಯಾವ ಸಂದರ್ಭದಲ್ಲೂ ಅದನ್ನು ಹೇಳಬೇಡಿ. ಫೋನನ್ನು ವಾಪಸ್ ತರಿಸಿಕೊಂಡು ನೀವೇ ಸೈನ್ ಇನ್ ಆಗಿ ಖಾತೆ ತೆಗೆದುಕೊಡಿ.

ಮೇಷ್ಟ್ರ ಫೋನಿನಲ್ಲಿ ಎರಡು ಗೂಗಲ್ ಖಾತೆಗಳಿದ್ದವು. ಮಗಳದ್ದೊಂದು ಯಾವಾಗಲೋ ಸೇರಿ ಹಾಗೇ ಉಳಿದಿತ್ತು. ಫೋನು ತಯಾರಿಸಿದ ಕಂಪನಿಯ ಖಾತೆಯೂ ಇತ್ತು. ಸ್ಯಾಮ್‌ಸಂಗ್, ಶವೊಮಿ ಮುಂತಾದವು ತಮ್ಮದೇ ಖಾತೆ, ತಮ್ಮದೇ ಬೀಗ ಇಟ್ಟಿರುತ್ತವೆ. ಗೂಗಲ್ ಖಾತೆ ಮಾತ್ರ ತೆಗೆದರೆ ಸಾಲದು. ಮೊದಲು ಮೂರನ್ನೂ ತೆಗೆದೆವು. ಆಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ 'Erase all data (factory reset)' ಒತ್ತಿದೆವು. ಐಫೋನಿನಲ್ಲಿ 'General' ಒಳಗಿನ 'Transfer or Reset iPhone', ಅದರಲ್ಲಿ 'Erase All Content and Settings'. ಅದು ಆಪಲ್ ಖಾತೆಯ ಪಾಸ್‌ವರ್ಡ್ ಕೇಳಿ ಬೀಗವನ್ನೂ ತೆರೆದುಬಿಡುತ್ತದೆ. ಇ-ಸಿಮ್ ಇದ್ದರೆ ಅದನ್ನೂ ಅಳಿಸಲೇ ಎಂದು ಪ್ರತ್ಯೇಕವಾಗಿ ಕೇಳಬಹುದು, ಓದಿ ಉತ್ತರಿಸಿ.

ಮೇಷ್ಟ್ರಿಗೆ ಒಂದು ಸಂಶಯ ಬಂತು: "ಅರವತ್ನಾಲ್ಕು ಜಿಬಿ ಇದೆ ಅಂತಾರೆ. ಎರಡೇ ನಿಮಿಷದಲ್ಲಿ ಅಷ್ಟೂ ಹೇಗಯ್ಯಾ ಅಳಿಸಿತು?" ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅಷ್ಟೂ ಅಳಿಸಿರಲಿಲ್ಲ. ಇಂದಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲೇ ಬರೆದಿರುತ್ತದೆ, ಅದನ್ನು ಬಿಡಿಸುವ ಕೀಲಿ ಸಂಖ್ಯೆ ಚಿಪ್ಪಿನ ರಕ್ಷಿತ ಭಾಗದ ಹಿಡಿತದಲ್ಲಿರುತ್ತದೆ. ರೀಸೆಟ್ ಮಾಡಿದಾಗ ಆ ಕೀಲಿ ನಾಶವಾಗುತ್ತದೆ. ಉಳಿದದ್ದು ಯಾರೂ ಓದಲಾಗದ ಅಂಕಿಗಳ ರಾಶಿ. ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರ ಹೊರಬಂದ ಫೋನುಗಳಲ್ಲಿ ಈ ಏರ್ಪಾಡು ಕಡ್ಡಾಯ. ಪಾಸ್‌ಕೋಡ್ ಇಟ್ಟ ಐಫೋನುಗಳಲ್ಲೂ ಇದೆ. ಅಂಥ ಫೋನಿಗೆ ಒಂದು ರೀಸೆಟ್ ಸಾಕು. ಡೇಟಾ ಅಳಿಸುವ ಆ್ಯಪ್‌ಗೆ ಹಣ ತೆರಬೇಕಾಗಿಲ್ಲ.

ಕೆಲಸ ಆಯಿತೇ ಎಂದು ನೋಡುವುದೂ ಕಷ್ಟವಲ್ಲ. ಫೋನು ಮತ್ತೆ ಶುರುವಾದಾಗ ಸ್ವಾಗತದ ಪರದೆ ಬರುತ್ತದೆ. ಅಲ್ಲಿಗೇ ನಿಲ್ಲಿಸದೆ ಮನೆಯ ವೈಫೈಗೆ ಸೇರಿಸಿ ಮುಂದೆ ಹೋಗಿ. ಹಳೆಯ ಖಾತೆಯ ಅಥವಾ ಹಳೆಯ ಪರದೆ ಬೀಗದ ಗುರುತು ಕೇಳಿದರೆ ಖಾತೆ ಒಳಗೇ ಉಳಿದಿದೆ ಎಂದರ್ಥ. ಐಫೋನಾದರೆ 'iPhone Locked to Owner' ಎಂದು ತೋರಿಸುತ್ತದೆ. ಏನನ್ನೂ ಕೇಳದೆ ಹೊಸ ಖಾತೆ ಸೇರಿಸಿ ಎಂದರೆ, ಅಲ್ಲಿಗೇ ಆಫ್ ಮಾಡಿ ಕೊಟ್ಟುಬಿಡಬಹುದು.

ಎರಡನೆಯ ಫೋನು, ಪರದೆ ಸತ್ತದ್ದು, ನಿಜವಾಗಿ ಕಠಿಣ. ಅದರ ಕಾಲವೇ ಕಾರಣ. ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರಂ ಸೈಮನ್ ಮತ್ತು ರಾಸ್ ಆಂಡರ್ಸನ್ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ಕಂಪನಿಗಳ 21 ಬಳಸಿದ ಆಂಡ್ರಾಯ್ಡ್ ಫೋನುಗಳನ್ನು ತೆಗೆದುಕೊಂಡು, ರೀಸೆಟ್ ಆದ ಮೇಲೂ ಏನು ಉಳಿಯುತ್ತದೆ ಎಂದು ನೋಡಿದರು. ಆಂಡ್ರಾಯ್ಡ್ 2.3ರಿಂದ 4.3ರವರೆಗಿನ ಆ ಫೋನುಗಳಲ್ಲಿ ಸಂದೇಶ, ಚಿತ್ರಗಳ ತುಣುಕುಗಳಷ್ಟೇ ಅಲ್ಲ, ಗೂಗಲ್ ಖಾತೆಯೊಳಗೆ ನುಗ್ಗಲು ಸಾಕಾಗುವ ಗುರುತಿನ ಮಾಹಿತಿಯೂ ಸಿಕ್ಕಿತು. ಫೋನಿನ ಫ್ಲ್ಯಾಶ್ ಚಿಪ್ಪು ಒಂದೇ ಜಾಗದಲ್ಲಿ ಪದೇ ಪದೇ ಬರೆದರೆ ಸವೆಯುತ್ತದೆ. ಅದಕ್ಕಾಗಿ ಅದು ಪ್ರತಿ ಸಲ ಬೇರೆ ಜಾಗಕ್ಕೆ ಬರೆಯುತ್ತದೆ, ಹಳೆಯ ಪ್ರತಿ ಮೂಲೆಯಲ್ಲೆಲ್ಲೋ ಉಳಿಯುತ್ತದೆ. ಅಳಿಸು ಎಂಬ ಆಜ್ಞೆಯನ್ನು ತಯಾರಕರು ಸರಿಯಾಗಿ ಚಿಪ್ಪಿಗೆ ಮುಟ್ಟಿಸದಿದ್ದರೆ ಆ ಪ್ರತಿಗಳು ಹಾಗೇ ಇರುತ್ತವೆ.

ಇಂಥ ಹಳೆಯ ಫೋನು ನಡೆಯುವ ಸ್ಥಿತಿಯಲ್ಲಿದ್ದರೆ ದಾರಿ ಇದೆ. ಸೆಟ್ಟಿಂಗ್ಸ್‌ನ ಭದ್ರತಾ ವಿಭಾಗದಲ್ಲಿ 'Encrypt phone' ಎಂಬುದು ಸಿಗುತ್ತದೆ. ಉದ್ದನೆಯ ಪಾಸ್‌ವರ್ಡ್ ಇಟ್ಟು, ಬ್ಯಾಟರಿ ಶೇ. 80ಕ್ಕಿಂತ ಹೆಚ್ಚು ತುಂಬಿಸಿ, ಚಾರ್ಜರ್ ಹಾಕಿಟ್ಟು ಅದನ್ನು ಮೊದಲು ಮಾಡಬೇಕು. ಒಂದು ಗಂಟೆಯೋ ಹೆಚ್ಚೋ ಹಿಡಿಯುತ್ತದೆ. ಅದಾದ ಮೇಲೆ ರೀಸೆಟ್. ಇಲ್ಲಿಯೂ ಕ್ರಮವೇ ಮುಖ್ಯ: ಮೊದಲು ಗೂಢಲಿಪಿ, ಆಮೇಲೆ ಅಳಿಸುವುದು. ಮೇಷ್ಟ್ರ ಫೋನಿನಲ್ಲಿ ಪರದೆಯೇ ಇಲ್ಲ. ಗೂಗಲ್‌ನ ಫೋನ್ ಹುಡುಕುವ ಸೇವೆಯಿಂದ ದೂರದಿಂದಲೇ ಅಳಿಸಬಹುದು, ಆದರೆ ಅದಕ್ಕೆ ಫೋನು ಚಾಲೂ ಇದ್ದು ಇಂಟರ್ನೆಟ್‌ಗೆ ಸೇರಿರಬೇಕು. ಇವರ ಫೋನು ಎದ್ದು ನಿಲ್ಲುತ್ತಲೇ ಇರಲಿಲ್ಲ. ಇಂಥ ಸಂದರ್ಭದಲ್ಲಿ ಮನೆಯಲ್ಲಿ ಮಾಡಬಹುದಾದ್ದು ಎರಡೇ. ಬೇರೆ ಸಾಧನದಿಂದ ಗೂಗಲ್ ಖಾತೆಗೆ ಹೋಗಿ, ಭದ್ರತಾ ವಿಭಾಗದ ಸಾಧನಗಳ ಪಟ್ಟಿಯಲ್ಲಿ ಆ ಫೋನನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸುವುದು ಒಂದು. ಚಿಪ್ಪನ್ನೇ ಪುಡಿ ಮಾಡುವ ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಟ್ಟು, ಡೇಟಾ ನಾಶದ ಪ್ರಮಾಣಪತ್ರ ಕೇಳುವುದು ಇನ್ನೊಂದು. ಸುತ್ತಿಗೆಯಿಂದ ಕುಟ್ಟುವುದು ದಾರಿಯಲ್ಲ. ಒಳಗೆ ಅಂಟಿಸಿದ ಲಿಥಿಯಂ ಬ್ಯಾಟರಿ ಇದೆ. ಅದಕ್ಕೆ ಪೆಟ್ಟು ಬಿದ್ದರೆ ಉರಿ ಹೊತ್ತಿಕೊಳ್ಳುತ್ತದೆ, ಚಿಪ್ಪು ಮಾತ್ರ ಉಳಿದುಬಿಡಬಹುದು.

ಬ್ಯಾಟರಿಯ ಮಾತು ಬಂದಿದ್ದರಿಂದ ಮೂರನೆಯ ಫೋನಿಗೆ ಬರುತ್ತೇನೆ. ಬ್ಯಾಟರಿ ಉಬ್ಬುವುದು ಒಳಗಿನ ರಾಸಾಯನಿಕ ಕೆಟ್ಟು ಅನಿಲವಾದಾಗ. ಆ ಅನಿಲವೂ ದ್ರವವೂ ಹೊತ್ತಿಕೊಳ್ಳುವಂಥವು. ಉಬ್ಬಿದ್ದನ್ನು ಒತ್ತಿ ಚಪ್ಪಟೆ ಮಾಡಬಾರದು, ಸೂಜಿ ಚುಚ್ಚಬಾರದು, 'ಒಮ್ಮೆ ನೋಡೋಣ' ಎಂದು ಚಾರ್ಜಿಗೂ ಹಾಕಬಾರದು. ಗುಂಡಿ ಫೋನಿನ ಬ್ಯಾಟರಿ ಸುಲಭವಾಗಿ ಕೈಗೆ ಬಂದದ್ದರಿಂದ ತೆಗೆದು, ಹಿತ್ತಾಳೆ ಬಣ್ಣದ ತುದಿಗಳ ಮೇಲೆ ಟೇಪ್ ಅಂಟಿಸಿ, ಒಣ ಮರಳು ತುಂಬಿದ ಹಳೆಯ ಡಬ್ಬದಲ್ಲಿಟ್ಟು ಹಿತ್ತಿಲಲ್ಲಿ ಇಟ್ಟೆವು. ಅಂಟಿಸಿದ ಬ್ಯಾಟರಿಯಾದರೆ ಬಿಚ್ಚುವ ಸಾಹಸ ಬೇಡ, ಇಡೀ ಫೋನನ್ನೇ ಹಾಗೆ ಇಡಬೇಕು. ಇದನ್ನು ಒಣ ಕಸದ ಚೀಲಕ್ಕೆ ಹಾಕಿದರೆ ಏನಾಗುತ್ತದೆ ಎಂದು ಯೋಚಿಸಿ. ಕಸದ ಲಾರಿ ಅದನ್ನು ಒತ್ತಿ ಹಿಂಡುತ್ತದೆ. ಸುತ್ತ ಇರುವುದು ಕಾಗದ, ಪ್ಲಾಸ್ಟಿಕ್. ಬೆಂಕಿಯ ಎದುರು ನಿಲ್ಲುವವರು ಪೌರಕಾರ್ಮಿಕರು.

ಇನ್ನು, ಈ ಫೋನುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ 2006ರಲ್ಲಿ ಆಗಿನ ಸರಾಸರಿ ಫೋನಿನ ಲೆಕ್ಕ ಕೊಟ್ಟಿತ್ತು: ತಾಮ್ರ 16 ಗ್ರಾಂ, ಬೆಳ್ಳಿ 0.35 ಗ್ರಾಂ, ಚಿನ್ನ 0.034 ಗ್ರಾಂ, ಪೆಲೇಡಿಯಂ 0.015 ಗ್ರಾಂ. ಫೋನಿನ ತೂಕ 113 ಗ್ರಾಂ. ಅಂದರೆ ಒಂದು ಟನ್ ಫೋನುಗಳಲ್ಲಿ ಸುಮಾರು 300 ಗ್ರಾಂ ಚಿನ್ನ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ್ದು ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿದ್ದ ಕಾಲದಲ್ಲಿ. ಗುಜರಿಯವರು ಸತ್ತ ಫೋನಿಗೂ ದುಡ್ಡು ಕೊಡುವ ಗುಟ್ಟು ಇದೇ.

ಆ ಚಿನ್ನವನ್ನು ತೆಗೆಯುವ ದಾರಿಗಳು ಎರಡು. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ರಾಮಗಂಗಾ ನದಿಯ ದಂಡೆಯಲ್ಲಿ ವರ್ಷಗಟ್ಟಲೆ ನಡೆದದ್ದು ಒಂದು ಬಗೆ. ಬೋರ್ಡನ್ನು ಕಾಯಿಸಿ ಚಿಪ್ಪುಗಳನ್ನು ಉದುರಿಸುತ್ತಾರೆ, ಆಮ್ಲದಲ್ಲಿ ಮುಳುಗಿಸುತ್ತಾರೆ, ಉಳಿದದ್ದನ್ನು ಸುಡುತ್ತಾರೆ. ಬೆಸುಗೆಯ ಸೀಸ ಹೊಗೆಯಲ್ಲೂ ಬೂದಿಯಲ್ಲೂ ಸೇರುತ್ತದೆ. ಬೆಂಕಿ ತಡೆಯಲು ಪ್ಲಾಸ್ಟಿಕ್ಕಿಗೆ ಸೇರಿಸಿದ ಬ್ರೋಮಿನ್ ಸಂಯುಕ್ತಗಳು ಸುಟ್ಟಾಗ ಡೈಯಾಕ್ಸಿನ್‌ನಂಥ ವಿಷಗಳಾಗುತ್ತವೆ. ಮಿಕ್ಕ ಆಮ್ಲ ನದಿಗೆ. ಇಷ್ಟಾಗಿಯೂ ಪೆಲೇಡಿಯಂನಂಥ ಲೋಹಗಳು ಬಹುಪಾಲು ಕೈತಪ್ಪುತ್ತವೆ. ಇನ್ನೊಂದು ಬಗೆಯಲ್ಲಿ ಬೋರ್ಡುಗಳನ್ನು ದೊಡ್ಡ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ತಾಮ್ರ ಚಿನ್ನ ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ತಾಮ್ರವನ್ನು ವಿದ್ಯುತ್ತಿನಿಂದ ಶುದ್ಧಿ ಮಾಡುವಾಗ ತೊಟ್ಟಿಯ ತಳದಲ್ಲಿ ಕೂರುವ ಕೆಸರಿನಲ್ಲಿ ಅವು ಸಿಗುತ್ತವೆ. ಹೊಗೆಯನ್ನು ತೊಳೆದು ಬಿಡುತ್ತಾರೆ. ಬೆಲ್ಜಿಯಂನ ಹೋಬೊಕೆನ್‌ನಲ್ಲಿ ಇಂಥ ದೊಡ್ಡ ಘಟಕವಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಷ್ಟು ಹಿಂದೆಯೇ ಅಧಿಕೃತವಾಗಿ ಇ-ತ್ಯಾಜ್ಯ ಬಿಡಿಸುವ ಕೆಲಸ ಶುರುಮಾಡಿತು.

ನಿಮ್ಮ ಫೋನು ಈ ಎರಡರಲ್ಲಿ ಯಾವ ದಾರಿ ಹಿಡಿಯುತ್ತದೆ ಎಂಬುದು ನೀವು ಯಾರ ಕೈಗೆ ಕೊಟ್ಟಿರಿ ಎಂಬುದರ ಮೇಲೆ ನಿಂತಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರು, ದುರಸ್ತಿ ಮಾಡಿ ಮಾರುವವರು, ಮರುಬಳಕೆ ಘಟಕದವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. 'ನಾವು ಇ-ತ್ಯಾಜ್ಯ ಸಂಗ್ರಹಿಸುತ್ತೇವೆ' ಎಂಬ ಫಲಕವಷ್ಟೇ ಇದ್ದರೆ ಸಾಲದು. ಸಂಗ್ರಹಿಸಿದ್ದನ್ನು ಯಾವ ನೋಂದಾಯಿತ ಘಟಕಕ್ಕೆ ಕಳಿಸುತ್ತೀರಿ ಎಂದು ಕೇಳಿ. ಹೆಸರು ಹೇಳಿದರೆ ಪೋರ್ಟಲ್‌ನಲ್ಲಿ ನೋಡಬಹುದು. ಹೇಳಲು ತಡವರಿಸಿದರೆ ಫೋನನ್ನು ಮನೆಗೆ ತನ್ನಿ.

ಕೊಡುವ ಮುನ್ನ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅದೇ ಸಂಖ್ಯೆ ನಮೂದಾದ ರಸೀದಿ ಪಡೆಯಿರಿ. ಆ ಫೋನಿನಿಂದ ಮುಂದೆ ಯಾರಾದರೂ ವಂಚನೆ ಮಾಡಿದರೆ ತನಿಖೆ ಐಎಂಇಐ ಹಿಡಿದು ಹಿಂದಿನ ಸಿಮ್‌ಗೆ, ಅಂದರೆ ನಿಮ್ಮ ಬಾಗಿಲಿಗೆ, ಬರಬಹುದು. ಆಗ ಮಾತಾಡುವುದು ಆ ತುಂಡು ಕಾಗದ. ಮೇಷ್ಟ್ರು ನಡೆಯುವ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ರಸೀದಿ ತಂದರು. ಇನ್ನೆರಡನ್ನು, ಮರಳಿನ ಡಬ್ಬದ ಸಮೇತ, ನೋಂದಾಯಿತ ಘಟಕಕ್ಕೆ ಕೈಯಾರೆ ಒಪ್ಪಿಸಿದೆವು. ಉಬ್ಬಿದ ಬ್ಯಾಟರಿಯನ್ನು ಕೊರಿಯರ್‌ನಲ್ಲಿ ಕಳಿಸುವಂತಿಲ್ಲ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಿಯಮಗಳು ಮರುಬಳಕೆಯ ಗುರಿಯನ್ನು ತಯಾರಕರ ಮೇಲೆ ಹೊರಿಸಿವೆ: 2025-26ಕ್ಕೆ ಶೇ. 70, 2027-28ರಿಂದ ಶೇ. 80. ಆದರೆ ಫೋನು ಮಾರಿದ ಅಂಗಡಿಯಲ್ಲೇ ಅದನ್ನು ವಾಪಸ್ ಕೊಡುವ ವ್ಯವಸ್ಥೆ ನಮ್ಮ ತಾಲ್ಲೂಕು ಊರುಗಳಲ್ಲಿ ಕಾಣುತ್ತಿಲ್ಲ. ಮೇಷ್ಟ್ರಿಗೆ ಜೊತೆ ಬರುವವರಿದ್ದರು, ಎಲ್ಲರಿಗೂ ಇರುವುದಿಲ್ಲ. ಹೊಸ ಫೋನು ಮಾರುವ ಪ್ರತಿ ಅಂಗಡಿಯೂ ಹಳೆಯದನ್ನು, ಸತ್ತದ್ದನ್ನೂ ಸೇರಿಸಿ, ತೆಗೆದುಕೊಳ್ಳಲೇಬೇಕು. ಗಿರಾಕಿಯ ಕಣ್ಣೆದುರೇ ಖಾತೆ ತೆಗೆಸಿ, ಅಳಿಸಿ, ಐಎಂಇಐ ಬರೆದ ರಸೀದಿ ಕೊಡಬೇಕು. ಇದನ್ನು ನಿಯಮವಾಗಿಸಿ ಎಂದು ನಮ್ಮ ಪುರಸಭೆಗಳನ್ನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ನಾವು ಬರೆದು ಕೇಳಬೇಕು. ಈ ಸಭೆಯಲ್ಲಿರುವ ಪ್ರತಿಯೊಬ್ಬರೂ ಆ ಪತ್ರಕ್ಕೆ ಸಹಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ.